ಉಂಗುರದ ಮೂಲಕ ಬೀಳುವ ಆಯಸ್ಕಾಂತ: ಪ್ರೇರಿತ ಪ್ರವಾಹದ ದಿಕ್ಕನ್ನು ಹಿಡಿಯುವುದು ಹೇಗೆ?

ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳು ನನ್ನ ಹತ್ತಿರ ಪಾಠಕ್ಕೆ ಬರುತ್ತಾಳೆ. ಹೋದ ವಾರ ಅವಳಿಗೊಂದು ಚಿತ್ರ ಬರೆದುಕೊಟ್ಟೆ. ಮೇಜಿಗೆ ಸಮನಾಗಿ ಹಿಡಿದ ಒಂದು ತಾಮ್ರದ ಉಂಗುರ, ಅದರ ಮೇಲಿನಿಂದ ಉತ್ತರ ಧ್ರುವ ಕೆಳಗೆ ಮಾಡಿಕೊಂಡು ಬೀಳುತ್ತಿರುವ ಒಂದು ದಂಡಕಾಂತ. ಆಯಸ್ಕಾಂತ ಉಂಗುರದ ಹತ್ತಿರ ಬರುವಾಗ ಪ್ರವಾಹ ಯಾವ ಕಡೆಗೆ, ಉಂಗುರ ದಾಟಿ ಕೆಳಗೆ ಹೋಗುವಾಗ ಯಾವ ಕಡೆಗೆ ಅಂತ ಕೇಳಿದೆ. ಮೊದಲನೆಯದನ್ನು ಸರಿಯಾಗಿ ಬರೆದಳು. ಎರಡನೆಯದಕ್ಕೂ ಅದೇ ಬಾಣವನ್ನು ಹಾಕಿದಳು.

"ಸರ್, ಲೆಂಜ್ ನಿಯಮ ವಿರೋಧ ಅನ್ನುತ್ತೆ. ಆಯಸ್ಕಾಂತದ ಕ್ಷೇತ್ರ ಎರಡು ಸಲವೂ ಕೆಳಮುಖವಾಗೇ ಇದೆ. ವಿರೋಧ ಅಂದ್ರೆ ಉಲ್ಟಾ ತಾನೇ? ಹಾಗಾದ್ರೆ ಉಂಗುರದ ಕ್ಷೇತ್ರ ಎರಡು ಸಲವೂ ಮೇಲ್ಮುಖ."

ಅವಳ ತರ್ಕದಲ್ಲಿ ಒಂದೇ ಒಂದು ಕೊಂಡಿ ತಪ್ಪಿದೆ. ಆ ಒಂದು ಕೊಂಡಿಯನ್ನು ಸರಿಪಡಿಸಿಕೊಂಡರೆ ಈ ಅಧ್ಯಾಯದ ದಿಕ್ಕಿನ ಲೆಕ್ಕಗಳು ಯಾವುದೇ ಬಾಯಿಪಾಠವಿಲ್ಲದೆ ಬಿಡಿಸಲು ಬರುತ್ತವೆ. ಹಾಗಾಗಿ ಈ ಬರಹದ ಉದ್ದಕ್ಕೂ ಅದೇ ಉಂಗುರ, ಅದೇ ಆಯಸ್ಕಾಂತವನ್ನು ಇಟ್ಟುಕೊಳ್ಳೋಣ.

ಉಂಗುರ ವಿರೋಧಿಸುವುದು ಯಾವುದನ್ನು?

ಸುರುಳಿಯ ಬಾಯಿಯ ಮೂಲಕ ಎಷ್ಟು ಕಾಂತರೇಖೆಗಳು ಹಾದುಹೋಗುತ್ತಿವೆ ಅನ್ನುವ ಲೆಕ್ಕಕ್ಕೆ ಕಾಂತೀಯ ಫ್ಲಕ್ಸ್ ಅನ್ನುತ್ತಾರೆ. ಫ್ಲಕ್ಸ್ ಸುಮ್ನೆ ಇದ್ದರೆ ಏನೂ ಆಗುವುದಿಲ್ಲ. ಅದು ಬದಲಾಗುತ್ತಿದ್ದರೆ ಮಾತ್ರ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಲಂಡನ್ನಿನಲ್ಲಿ ಕಂಡುಕೊಂಡರು. ಆದರೆ ಪ್ರವಾಹದ ದಿಕ್ಕನ್ನು ಒಂದೇ ಮಾತಿನಲ್ಲಿ ಹೇಳುವ ನಿಯಮ ಬಂದಿದ್ದು ಸ್ವಲ್ಪ ತಡವಾಗಿ, 1834ರಲ್ಲಿ. ಅದನ್ನು ಕೊಟ್ಟವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಹೈನ್ರಿಕ್ ಲೆಂಜ್.

ನಿಯಮ ಇಷ್ಟೇ: ಪ್ರೇರಿತ ಪ್ರವಾಹವು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ವಿರೋಧಿಸುವ ದಿಕ್ಕಿನಲ್ಲಿ ಹರಿಯುತ್ತದೆ.

ಇಲ್ಲಿ ಕಣ್ಣು ನಿಲ್ಲಬೇಕಾದ ಪದ "ಬದಲಾವಣೆ". ಉಂಗುರಕ್ಕೆ ಆಯಸ್ಕಾಂತದ ಕ್ಷೇತ್ರದ ಮೇಲೆ ಯಾವ ಹಗೆತನವೂ ಇಲ್ಲ. ಅದು ಇದ್ದ ಫ್ಲಕ್ಸನ್ನು ಇದ್ದ ಹಾಗೇ ಉಳಿಸಿಕೊಳ್ಳಲು ನೋಡುತ್ತದೆ. ಫ್ಲಕ್ಸ್ ಹೆಚ್ಚಾಗುತ್ತಿದ್ದರೆ ಎದುರು ದಿಕ್ಕಿನ ಕ್ಷೇತ್ರ ಹುಟ್ಟಿಸಿ ಅದನ್ನು ತಗ್ಗಿಸಲು ನೋಡುತ್ತದೆ. ಕಡಿಮೆಯಾಗುತ್ತಿದ್ದರೆ ಅದೇ ದಿಕ್ಕಿನ ಕ್ಷೇತ್ರ ಹುಟ್ಟಿಸಿ ಕೊರತೆ ತುಂಬಲು ನೋಡುತ್ತದೆ. ಅಂದರೆ ವಿರೋಧ ಅಂದ ಮಾತ್ರಕ್ಕೆ ಯಾವಾಗಲೂ ಉಲ್ಟಾ ಅಲ್ಲ. ಅರ್ಧ ಸಂದರ್ಭಗಳಲ್ಲಿ ಅದು ಜೊತೆಗೂಡುವುದೇ ಆಗಿರುತ್ತದೆ. ನನ್ನ ವಿದ್ಯಾರ್ಥಿನಿ ಎಡವಿದ್ದು ಇಲ್ಲೇ.

ನಾಲ್ಕು ಹೆಜ್ಜೆಗಳು

ದಿಕ್ಕು ಹುಡುಕುವಾಗ ಈ ಕ್ರಮವನ್ನು ತಪ್ಪಿಸಬೇಡಿ. ಮನಸ್ಸಿನಲ್ಲೇ ಮಾಡದೆ ಪ್ರತಿ ಹೆಜ್ಜೆಗೂ ಒಂದು ಪದ ಬರೆಯಿರಿ.

1. ಸುರುಳಿಯ ಬಾಯಿಯಲ್ಲಿ ಹೊರಗಿನ ಕ್ಷೇತ್ರ ಯಾವ ಕಡೆಗಿದೆ? ರೇಖೆಗಳು ಉತ್ತರ ಧ್ರುವದಿಂದ ಹೊರಬಂದು ದಕ್ಷಿಣ ಧ್ರುವಕ್ಕೆ ಹೋಗುತ್ತವೆ.
2. ಫ್ಲಕ್ಸ್ ಹೆಚ್ಚಾಗುತ್ತಿದೆಯೋ, ಕಡಿಮೆಯಾಗುತ್ತಿದೆಯೋ?
3. ಹೆಚ್ಚಾಗುತ್ತಿದ್ದರೆ ಪ್ರೇರಿತ ಕ್ಷೇತ್ರ ಎದುರು ದಿಕ್ಕಿಗೆ, ಕಡಿಮೆಯಾಗುತ್ತಿದ್ದರೆ ಅದೇ ದಿಕ್ಕಿಗೆ.
4. ಬಲಗೈ ಹೆಬ್ಬೆರಳನ್ನು ಪ್ರೇರಿತ ಕ್ಷೇತ್ರದ ಕಡೆಗೆ ಚಾಚಿ. ಉಳಿದ ಬೆರಳುಗಳು ಮಡಚುವ ದಿಕ್ಕೇ ಪ್ರವಾಹದ ದಿಕ್ಕು.

ನಾಲ್ಕನೆಯ ಹೆಜ್ಜೆ ಮುಗಿಸಿ ಉತ್ತರ ಬರೆಯುವಾಗ ಯಾವ ಕಡೆಯಿಂದ ನೋಡುತ್ತಿದ್ದೀರಿ ಅನ್ನುವುದನ್ನೂ ಬರೆಯಬೇಕು. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಾರೆ. ಅದೇ ಜನರನ್ನು ಗಾಜಿನ ನೆಲದ ಅಡಿಯಿಂದ ನೋಡಿದರೆ ಉಲ್ಟಾ ತಿರುಗಿದಂತೆ ಕಾಣುತ್ತದೆ, ಅಲ್ವಾ? ಪ್ರವಾಹವೂ ಹಾಗೇ. "ಪ್ರದಕ್ಷಿಣೆ" ಅಂತಷ್ಟೇ ಬರೆದರೆ ಉತ್ತರ ಅರ್ಧ ಮಾತ್ರ.

ಬೀಳುವ ಆಯಸ್ಕಾಂತ

ಈಗ ನಮ್ಮ ಉಂಗುರಕ್ಕೆ ಬರೋಣ. ಮೇಲಿನಿಂದ ನೋಡುತ್ತಿದ್ದೇವೆ ಅಂತ ಇಟ್ಟುಕೊಳ್ಳಿ.

ಆಯಸ್ಕಾಂತ ಇನ್ನೂ ಮೇಲಿದೆ, ಉತ್ತರ ಧ್ರುವ ಕೆಳಗಿದೆ. ಆ ಧ್ರುವದಿಂದ ಹೊರಟ ರೇಖೆಗಳು ಉಂಗುರದ ಬಾಯಿಯಲ್ಲಿ ಕೆಳಮುಖವಾಗಿ ಹಾಯುತ್ತವೆ. ಆಯಸ್ಕಾಂತ ಹತ್ತಿರ ಬರುತ್ತಿರುವುದರಿಂದ ಫ್ಲಕ್ಸ್ ಹೆಚ್ಚಾಗುತ್ತಿದೆ. ಆದ್ದರಿಂದ ಪ್ರೇರಿತ ಕ್ಷೇತ್ರ ಮೇಲ್ಮುಖ. ಹೆಬ್ಬೆರಳು ಮೇಲಕ್ಕೆ ಮಾಡಿದರೆ ಬೆರಳುಗಳು ಅಪ್ರದಕ್ಷಿಣೆಯಾಗಿ ಮಡಚುತ್ತವೆ. ಉಂಗುರದ ಮೇಲಿನ ಮುಖ ಉತ್ತರ ಧ್ರುವದಂತೆ ವರ್ತಿಸುತ್ತದೆ. ಉತ್ತರಕ್ಕೆ ಉತ್ತರ ಎದುರಾದ್ದರಿಂದ ಆಯಸ್ಕಾಂತವನ್ನು ಮೇಲಕ್ಕೆ ತಳ್ಳುತ್ತದೆ.

ಆಯಸ್ಕಾಂತದ ಸರಿ ಮಧ್ಯಭಾಗ ಉಂಗುರದ ಮಟ್ಟಕ್ಕೆ ಬಂದ ಕ್ಷಣದಲ್ಲಿ ಫ್ಲಕ್ಸ್ ಅತಿ ಜಾಸ್ತಿ ಇರುತ್ತದೆ. ಪ್ರವಾಹವೂ ಆಗಲೇ ಅತಿ ಜಾಸ್ತಿ ಅಂತ ತುಂಬಾ ಮಕ್ಕಳು ಬರೆಯುತ್ತಾರೆ. ನಿಜಕ್ಕೂ ಆ ಕ್ಷಣದಲ್ಲಿ ಪ್ರವಾಹ ಸೊನ್ನೆ. ಏರುವುದು ಮುಗಿದಿದೆ, ಇಳಿಯುವುದು ಇನ್ನೂ ಶುರುವಾಗಿಲ್ಲ. ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಂತ ಹಾಗೆ.

ಈಗ ಆಯಸ್ಕಾಂತ ಉಂಗುರದ ಕೆಳಗೆ ಹೋಯಿತು. ಉಂಗುರಕ್ಕೆ ಹತ್ತಿರ ಇರುವುದು ಈಗ ದಕ್ಷಿಣ ಧ್ರುವ, ಅದು ಆಯಸ್ಕಾಂತದ ಮೇಲ್ತುದಿ. ರೇಖೆಗಳು ದಕ್ಷಿಣ ಧ್ರುವದ ಒಳಕ್ಕೆ ಹೋಗುತ್ತವೆ, ಅಂದರೆ ಉಂಗುರದ ಬಾಯಿಯಲ್ಲಿ ಕ್ಷೇತ್ರ ಈಗಲೂ ಕೆಳಮುಖವೇ. ಇಷ್ಟರವರೆಗೆ ಹುಡುಗಿ ಹೇಳಿದ್ದು ಪೂರ್ತಿ ಸರಿ. ಆದರೆ ಆಯಸ್ಕಾಂತ ದೂರ ಹೋಗುತ್ತಿರುವುದರಿಂದ ಫ್ಲಕ್ಸ್ ಕಡಿಮೆಯಾಗುತ್ತಿದೆ. ಉಂಗುರ ಅದನ್ನು ಉಳಿಸಿಕೊಳ್ಳಬೇಕು. ಹಾಗಾಗಿ ಪ್ರೇರಿತ ಕ್ಷೇತ್ರವೂ ಕೆಳಮುಖ. ಹೆಬ್ಬೆರಳು ಕೆಳಕ್ಕೆ ಮಾಡಿದರೆ, ಮೇಲಿನಿಂದ ನೋಡಿದಾಗ ಪ್ರವಾಹ ಪ್ರದಕ್ಷಿಣೆ. ಉಂಗುರದ ಕೆಳಗಿನ ಮುಖ ಈಗ ಉತ್ತರ ಧ್ರುವ. ಕೆಳಗಿರುವ ದಕ್ಷಿಣ ಧ್ರುವವನ್ನು ಅದು ತನ್ನತ್ತ ಸೆಳೆಯುತ್ತದೆ, ಅಂದರೆ ಮೇಲಕ್ಕೆ.

ಇದನ್ನು ಹೇಳಿದಾಗ ಅವಳು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. "ಪ್ರವಾಹ ತಿರುಗಿಬಿತ್ತು, ಆದ್ರೆ ಬಲ ಎರಡು ಸಲವೂ ಮೇಲಕ್ಕೇ!" ಅಂದಳು. ಹೌದು. ಬರುವಾಗ ತಳ್ಳಿತು, ಹೋಗುವಾಗ ಹಿಡಿದೆಳೆಯಿತು. ಎರಡೂ ಬೀಳುವುದಕ್ಕೆ ಅಡ್ಡಿಯೇ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಉತ್ತರವನ್ನು ಪರೀಕ್ಷಿಸಲು ಇದೇ ಒಳ್ಳೆಯ ದಾರಿ. ನಿಮ್ಮ ಪ್ರವಾಹ ಹುಟ್ಟಿಸುವ ಬಲ ಚಲನೆಗೆ ಸಹಾಯ ಮಾಡುವಂತೆ ಬಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ.

ಒಂದು ಉಂಗುರದ ಬದಲು ಉಂಗುರಗಳನ್ನೇ ಒಂದರ ಮೇಲೊಂದು ಜೋಡಿಸಿದರೆ ಅದೇ ತಾಮ್ರದ ಕೊಳವೆ. ಒಂದು ಮೀಟರ್ ಎತ್ತರದಿಂದ ಕಲ್ಲು ಬೀಳಲು ಸುಮಾರು 0.45 ಸೆಕೆಂಡ್ ಸಾಕು. ಅಷ್ಟೇ ಉದ್ದದ, ದಪ್ಪ ಗೋಡೆಯ ತಾಮ್ರದ ಕೊಳವೆಯೊಳಗೆ ಬಲವಾದ ನಿಯೋಡಿಮಿಯಮ್ ಆಯಸ್ಕಾಂತ ಬಿಟ್ಟರೆ ಅದು ಹಲವು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಯುತ್ತದೆ. ಕೊಳವೆಯ ಅಗಲಕ್ಕೆ ಹತ್ತಿರದ ಅಳತೆಯ ಆಯಸ್ಕಾಂತ ಬೇಕು. ತುಂಬಾ ಸಣ್ಣದಾದರೆ ಅಷ್ಟು ನಿಧಾನವಾಗುವುದಿಲ್ಲ. ಮೇಲಿನಿಂದ ಇಣುಕಿದರೆ ಅದು ಗೋಡೆ ಮುಟ್ಟದೆ ತೇಲಿದಂತೆ ಇಳಿಯುವುದು ಕಾಣುತ್ತದೆ. ಮೊದಲೇ ಆ ಆಯಸ್ಕಾಂತವನ್ನು ಕೊಳವೆಗೆ ಹೊರಗಿನಿಂದ ಮುಟ್ಟಿಸಿ ನೋಡಿ, ಅಂಟುವುದಿಲ್ಲ. ತಾಮ್ರವನ್ನು ಆಯಸ್ಕಾಂತ ಸೆಳೆಯುವುದಿಲ್ಲ ಅನ್ನುವುದನ್ನು ಕೈಯಾರೆ ನೋಡಿದ ಮೇಲೆ, ಇಳಿಯುವ ಆಯಸ್ಕಾಂತವನ್ನು ತಡೆಯುತ್ತಿರುವುದು ಪ್ರೇರಿತ ಪ್ರವಾಹ ಮಾತ್ರ ಅನ್ನುವುದು ಖಚಿತವಾಗುತ್ತದೆ.

ಉಲ್ಟಾ ಆಗಿದ್ದರೆ?

ಉಂಗುರ ಬೀಳುವ ಆಯಸ್ಕಾಂತವನ್ನು ತಳ್ಳುವ ಬದಲು ಸೆಳೆಯುತ್ತಿತ್ತು ಅಂದುಕೊಳ್ಳಿ. ಆಯಸ್ಕಾಂತದ ವೇಗ ಇನ್ನೂ ಹೆಚ್ಚುತ್ತಿತ್ತು. ವೇಗ ಹೆಚ್ಚಿದರೆ ಫ್ಲಕ್ಸ್ ಇನ್ನೂ ಬೇಗ ಬದಲಾಗಿ ಪ್ರವಾಹ ಹೆಚ್ಚುತ್ತಿತ್ತು, ಸೆಳೆತವೂ ಹೆಚ್ಚುತ್ತಿತ್ತು. ಯಾರೂ ಏನೂ ಖರ್ಚು ಮಾಡದೆ ಒಂದು ಕಡೆ ಆಯಸ್ಕಾಂತದ ಓಟ, ಇನ್ನೊಂದು ಕಡೆ ಉಂಗುರದಲ್ಲಿ ಬಿಸಿ. ಶಕ್ತಿ ಹೀಗೆ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಲೆಂಜ್ ನಿಯಮ ಶಕ್ತಿ ಸಂರಕ್ಷಣೆಯ ಇನ್ನೊಂದು ರೂಪ ಅನ್ನುವುದು ಇದಕ್ಕೇ.

ಹಳೇ ಸೈಕಲ್‌ಗಳಲ್ಲಿ ಟೈರಿಗೆ ಒತ್ತಿಕೊಂಡು ತಿರುಗುವ ಡೈನಮೋ ಇರುತ್ತಿತ್ತು. ಅದನ್ನು ಟೈರಿಗೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಸ್ವಲ್ಪ ಭಾಗ ಬರೀ ಉಜ್ಜಾಟದ್ದು. ಲೆಂಜ್ ನಿಯಮದ ಪಾಲನ್ನು ಬೇರೆ ಮಾಡಿ ನೋಡಬೇಕು ಅಂದರೆ ಡೈನಮೋವನ್ನು ಕೈಯಲ್ಲಿ ತಿರುಗಿಸಿ. ಬಲ್ಬಿನ ತಂತಿ ಕಳಚಿ ಒಮ್ಮೆ, ಸಿಕ್ಕಿಸಿ ಒಮ್ಮೆ ಜೋರಾಗಿ ತಿರುಗಿಸಿ. ಬಲ್ಬ್ ಉರಿಯುವಾಗ ಬೆರಳಿಗೆ ಸಿಗುವ ಹೆಚ್ಚಿನ ಬಿಗಿಯೇ ಪ್ರೇರಿತ ಪ್ರವಾಹ ಒಡ್ಡುವ ಅಡ್ಡಿ.

ಅಂಕಿ ಹಾಕಿ ನೋಡೋಣ

ಧ್ರುವಗಳೇ ಕಾಣದ ಲೆಕ್ಕವೊಂದನ್ನು ಮಾಡೋಣ. ಪರೀಕ್ಷೆಯಲ್ಲಿ ಜಾಸ್ತಿ ಬರುವುದೂ ಇಂಥದ್ದೇ. ಒಂದು ಚೌಕ ತಂತಿ, ಒಂದೇ ಸುತ್ತು, ಬದಿ 20 ಸೆಂ.ಮೀ., ರೋಧ 2 ಓಮ್. ಕ್ಷೇತ್ರ 0.5 ಟೆಸ್ಲಾ, ಕಾಗದದ ಒಳಮುಖವಾಗಿದೆ. ಕ್ಷೇತ್ರದ ಬಲಗಡೆಯ ಅಂಚಿನಿಂದ ಚೌಕವನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಲಕ್ಕೆ ಎಳೆದು ಹೊರತೆಗೆಯುತ್ತಿದ್ದೇವೆ.

ಮೊದಲು ದಿಕ್ಕು. ಕ್ಷೇತ್ರ: ಒಳಮುಖ. ಫ್ಲಕ್ಸ್: ಕಡಿಮೆಯಾಗುತ್ತಿದೆ. ಪ್ರೇರಿತ ಕ್ಷೇತ್ರ: ಅದೇ ದಿಕ್ಕು, ಒಳಮುಖ. ಹೆಬ್ಬೆರಳನ್ನು ಕಾಗದಕ್ಕೆ ಚುಚ್ಚುವಂತೆ ಹಿಡಿಯಿರಿ. ನಮಗೆ ಕಾಣುವಂತೆ ಪ್ರವಾಹ ಪ್ರದಕ್ಷಿಣೆ.

ಇನ್ನು ಪ್ರಮಾಣ. ಚೌಕ ಪೂರ್ತಿ ಒಳಗಿದ್ದಾಗ ಫ್ಲಕ್ಸ್ 0.5 × 0.2 × 0.2 = 0.02 ವೆಬರ್. 20 ಸೆಂ.ಮೀ. ದೂರವನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ದಾಟಲು 0.1 ಸೆಕೆಂಡ್ ಬೇಕು. ಅಷ್ಟರಲ್ಲಿ ಫ್ಲಕ್ಸ್ ಸೊನ್ನೆಯಾಗುತ್ತದೆ. ಹಾಗಾಗಿ ವೋಲ್ಟೇಜ್ 0.02 ÷ 0.1 = 0.2 ವೋಲ್ಟ್, ಪ್ರವಾಹ 0.1 ಆಂಪಿಯರ್.

ದಿಕ್ಕು ಸರಿಯೇ ಅಂತ ಬಲದಿಂದ ತಾಳೆ ನೋಡೋಣ. ಕ್ಷೇತ್ರದೊಳಗೆ ಉಳಿದಿರುವುದು ಚೌಕದ ಎಡ ಬದಿ. ಪ್ರದಕ್ಷಿಣೆ ಪ್ರವಾಹ ಅಂದರೆ ಆ ಬದಿಯಲ್ಲಿ ಪ್ರವಾಹ ಮೇಲಕ್ಕೆ ಹರಿಯುತ್ತದೆ. ಮೇಲಕ್ಕೆ ಹರಿಯುವ ಪ್ರವಾಹ, ಒಳಮುಖ ಕ್ಷೇತ್ರ, ಇವೆರಡಕ್ಕೆ ಫ್ಲೆಮಿಂಗ್ ಎಡಗೈ ನಿಯಮ ಹಾಕಿದರೆ ಬಲ ಎಡಕ್ಕೆ ಬರುತ್ತದೆ. ನಾವು ಎಳೆಯುತ್ತಿರುವುದು ಬಲಕ್ಕೆ. ಚಲನೆಗೆ ಅಡ್ಡಿ, ಸರಿಯಾಗಿದೆ. ಚೌಕದ ಮೇಲಿನ ಮತ್ತು ಕೆಳಗಿನ ಬದಿಗಳ ಮೇಲಿನ ಬಲಗಳು ಒಂದಕ್ಕೊಂದು ವಜಾ ಆಗುತ್ತವೆ.

ಆ ಬಲ 0.5 × 0.1 × 0.2 = 0.01 ನ್ಯೂಟನ್, ಒಂದು ಗ್ರಾಂ ತೂಕದಷ್ಟು. ಅದನ್ನು ಮೀರಿ ಎಳೆಯಲು ನಾವು ಖರ್ಚು ಮಾಡುವ ಸಾಮರ್ಥ್ಯ 0.01 × 2 = 0.02 ವ್ಯಾಟ್. ತಂತಿಯಲ್ಲಿ ಬಿಸಿಯಾಗುವುದು 0.1 × 0.1 × 2 = 0.02 ವ್ಯಾಟ್. ಕೊಟ್ಟದ್ದು, ಪಡೆದದ್ದು ಪೈಸೆಗೆ ಪೈಸೆ ಹೊಂದಿತು.

ಚೌಕ ಪೂರ್ತಿಯಾಗಿ ಕ್ಷೇತ್ರದೊಳಗೇ ಇದ್ದು ಪಕ್ಕಕ್ಕೆ ಸರಿಯುತ್ತಿದ್ದರೆ? ಎಷ್ಟೇ ಜೋರಾಗಿ ಸರಿಸಿದರೂ ಪ್ರವಾಹ ಸೊನ್ನೆ. ಚಲನೆ ಇದೆ, ಫ್ಲಕ್ಸ್ ಬದಲಾವಣೆ ಇಲ್ಲ. ಎರಡನೇ ಹೆಜ್ಜೆಯನ್ನು ಬರೆದೇ ಮುಂದೆ ಹೋಗಿ ಅಂತ ಒತ್ತಿ ಹೇಳುವುದು ಇದಕ್ಕೇ.

ಏನೂ ಅಲುಗಾಡದಿದ್ದಾಗ

ಹತ್ತಿರ ಬಂದರೆ ವಿಕರ್ಷಣೆ, ದೂರ ಹೋದರೆ ಆಕರ್ಷಣೆ ಅನ್ನುವ ಸುಲಭ ಸೂತ್ರವನ್ನು ಕೆಲವರು ಕಲಿತಿರುತ್ತಾರೆ. ಚಲಿಸುವ ಆಯಸ್ಕಾಂತಕ್ಕೆ ಅದು ಸರಿಯೇ. ಆದರೆ ಏನೂ ಚಲಿಸದ ಕಡೆ ಅದು ಕೈಕೊಡುತ್ತದೆ. 1831ರ ಆಗಸ್ಟ್ 29ರಂದು ಫ್ಯಾರಡೆ ಮಾಡಿದ ಪ್ರಯೋಗವೇ ಅಂಥದ್ದು. ಒಂದು ಕಬ್ಬಿಣದ ಬಳೆಗೆ ಎರಡು ಬೇರೆ ಬೇರೆ ಸುರುಳಿ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದಾಗ ಮತ್ತು ಕಳಚಿದಾಗ ಇನ್ನೊಂದರಲ್ಲಿ ಕ್ಷಣಕಾಲ ಪ್ರವಾಹ ಬರುವುದನ್ನು ಅವರು ಕಂಡರು.

ಎರಡು ಸುರುಳಿಗಳನ್ನು ಅಕ್ಕಪಕ್ಕ ಮುಖಾಮುಖಿಯಾಗಿ ಇಡಿ. ಎರಡನ್ನೂ ಬಲಗಡೆಯಿಂದಲೇ ನೋಡಿ. ಬ್ಯಾಟರಿ ಇರುವ ಎಡ ಸುರುಳಿಯಲ್ಲಿ ಪ್ರವಾಹ ಅಪ್ರದಕ್ಷಿಣೆ ಅಂದುಕೊಂಡರೆ ಕ್ಷೇತ್ರ ನಮ್ಮ ಕಡೆಗೆ. ಸ್ವಿಚ್ ಹಾಕಿದಾಗ ಫ್ಲಕ್ಸ್ ಹೆಚ್ಚುತ್ತದೆ, ಬಲ ಸುರುಳಿಯ ಪ್ರೇರಿತ ಕ್ಷೇತ್ರ ನಮ್ಮಿಂದ ಆಚೆಗೆ, ಪ್ರವಾಹ ಪ್ರದಕ್ಷಿಣೆ. ಸ್ವಿಚ್ ಹಾಕಿಯೇ ಬಿಟ್ಟರೆ ಪ್ರವಾಹ ಇಲ್ಲ. ಸ್ವಿಚ್ ತೆಗೆದಾಗ ಫ್ಲಕ್ಸ್ ಕಡಿಮೆಯಾಗುತ್ತದೆ, ಪ್ರವಾಹ ಅಪ್ರದಕ್ಷಿಣೆ, ಎಡ ಸುರುಳಿಯಲ್ಲಿದ್ದ ದಿಕ್ಕೇ. ಅದೇ ನಾಲ್ಕು ಹೆಜ್ಜೆ.

ಉಂಗುರವನ್ನು ಒಂದು ಕಡೆ ಕತ್ತರಿಸಿ ಸೀಳು ಬಿಟ್ಟರೆ ವೋಲ್ಟೇಜ್ ಹುಟ್ಟುತ್ತದೆ, ಆದರೆ ಉಂಗುರ ಸುತ್ತ ಪ್ರವಾಹ ಹರಿಯಲು ದಾರಿಯಿಲ್ಲ. ಆಯಸ್ಕಾಂತ ಹೆಚ್ಚುಕಡಿಮೆ ಅಡ್ಡಿಯಿಲ್ಲದೆ ಬೀಳುತ್ತದೆ. ಅಡ್ಡಿಪಡಿಸುವುದು ಪ್ರವಾಹ, ವೋಲ್ಟೇಜ್ ಅಲ್ಲ.

ಮೇಜಿನ ಮೇಲೆ ಪರೀಕ್ಷೆ

ಕಾಗದದ ಮೇಲೆ ಬಂದ ದಿಕ್ಕನ್ನು ಮುಳ್ಳಿನಿಂದ ತಾಳೆ ನೋಡಬೇಕು ಅಂದರೆ ನಡುವೆ ಸೊನ್ನೆ ಇರುವ ಗ್ಯಾಲ್ವನೋಮೀಟರ್ ಬೇಕು. ಅಂಕಿ ತೋರಿಸುವ ಡಿಜಿಟಲ್ ಮೀಟರ್ ಇದಕ್ಕೆ ಒಗ್ಗುವುದಿಲ್ಲ. ಅದು ಸೆಕೆಂಡಿಗೆ ಕೆಲವೇ ಸಲ ಅಳೆಯುತ್ತದೆ, ಅಷ್ಟರಲ್ಲಿ ನಮ್ಮ ಪ್ರವಾಹ ಬಂದು ಹೋಗಿರುತ್ತದೆ.

ಮೊದಲು ಮುಳ್ಳಿನ ಭಾಷೆ ತಿಳಿದುಕೊಳ್ಳಿ. 1.5 ವೋಲ್ಟ್ ಸೆಲ್ ಜೊತೆಗೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ ಗ್ಯಾಲ್ವನೋಮೀಟರಿಗೆ ಒಂದು ಕ್ಷಣ ತಾಗಿಸಿ. ರೆಸಿಸ್ಟರ್ ಇಲ್ಲದೆ ನೇರ ತಾಗಿಸಿದರೆ ಸೂಕ್ಷ್ಮ ಸುರುಳಿ ಕೆಟ್ಟುಹೋಗಬಹುದು. ಸೆಲ್‌ನ ಪ್ಲಸ್ ಯಾವ ತುದಿಗೆ ಇದ್ದಾಗ ಮುಳ್ಳು ಬಲಕ್ಕೆ ಹೋಯಿತೋ, ಆ ತುದಿಗೆ ಗುರುತು ಹಾಕಿ. ಪ್ರವಾಹ ಆ ತುದಿಯಿಂದ ಒಳಗೆ ಹೋದರೆ ಮುಳ್ಳು ಬಲಕ್ಕೆ.

ಆಮೇಲೆ ಆಯಸ್ಕಾಂತ. ಬಣ್ಣ ನಂಬಬೇಡಿ. ಧ್ರುವ ಅದಲುಬದಲಾದ ಆಯಸ್ಕಾಂತಗಳನ್ನು ನಾನು ಲ್ಯಾಬಿನಲ್ಲಿ ಕಂಡಿದ್ದೇನೆ. ನಡುವೆ ದಾರ ಕಟ್ಟಿ ತೂಗುಬಿಡಿ, ಉತ್ತರ ದಿಕ್ಕಿಗೆ ನಿಲ್ಲುವ ತುದಿಯೇ ಉತ್ತರ ಧ್ರುವ.

ಈಗ ಸುರುಳಿ. ಕೊಳವೆಯೊಂದಕ್ಕೆ ಎನಾಮಲ್ ತಂತಿ ಒಂದು ಇನ್ನೂರು ಸುತ್ತು ಸುತ್ತಿ. ತಂತಿಯ ತುದಿಗಳ ಮೇಲಿನ ಎನಾಮಲ್ ಕೆರೆಯಲು ಮರೆಯಬೇಡಿ, ಮುಳ್ಳು ಅಲುಗಾಡದೇ ಇರುವುದು ಬಹಳ ಸಲ ಇದರಿಂದಲೇ. ನಿಮ್ಮ ಕಡೆಗಿರುವ ಮುಖವನ್ನು ನೋಡುತ್ತಾ, ಹತ್ತಿರದ ತುದಿಯಿಂದ ತಂತಿ ಅಪ್ರದಕ್ಷಿಣೆಯಾಗಿ ಸುತ್ತುತ್ತಾ ದೂರದ ತುದಿಗೆ ಹೋಗುತ್ತದೆ ಅಂತಿರಲಿ. ದೂರದ ತುದಿಯನ್ನು ಗುರುತು ಹಾಕಿದ ಕಡೆಗೆ ಜೋಡಿಸಿ.

ಉತ್ತರ ಧ್ರುವವನ್ನು ನಿಮ್ಮ ಕಡೆಯಿಂದ ಒಳಗೆ ತೂರಿಸಿ. ಕ್ಷೇತ್ರ ನಿಮ್ಮಿಂದ ಆಚೆಗೆ, ಹೆಚ್ಚುತ್ತಿದೆ, ಪ್ರೇರಿತ ಕ್ಷೇತ್ರ ನಿಮ್ಮ ಕಡೆಗೆ, ಪ್ರವಾಹ ಅಪ್ರದಕ್ಷಿಣೆ. ಅಂದರೆ ತಂತಿಯಲ್ಲಿ ಅದು ಹತ್ತಿರದ ತುದಿಯಿಂದ ದೂರದ ತುದಿಗೆ ಹರಿದು, ಅಲ್ಲಿಂದ ಹೊರಬಂದು ಗುರುತಿನ ಕಡೆಯಿಂದ ಮೀಟರ್ ಒಳಗೆ ಹೋಗುತ್ತದೆ. ಮುಳ್ಳು ಬಲಕ್ಕೆ ಹೋಗಬೇಕು. ಆಯಸ್ಕಾಂತವನ್ನು ಒಳಗೇ ನಿಲ್ಲಿಸಿದರೆ ಮುಳ್ಳು ಸೊನ್ನೆಗೆ ಮರಳಬೇಕು. ಹಿಂದಕ್ಕೆ ಎಳೆದರೆ ಎಡಕ್ಕೆ. ಬೇಗ ಎಳೆದರೆ ಜಾಸ್ತಿ ಹೋಗುತ್ತದೆ, ಆದರೆ ಕಡೆ ಬದಲಾಗುವುದಿಲ್ಲ.

ಮುಳ್ಳು ಎಡಕ್ಕೆ ಹೋಯಿತು ಅಂದರೆ ನಿಯಮದ ಮೇಲೆ ಅನುಮಾನ ಪಡುವ ಮೊದಲು ಮೂರು ಕಡೆ ನೋಡಿ: ಧ್ರುವ ಸರಿಯೇ, ತಂತಿ ಸುತ್ತಿದ ದಿಕ್ಕು ಸರಿಯೇ, ತುದಿಗಳು ಅದಲುಬದಲಾಗಿಲ್ಲ ತಾನೇ. ಮೂರರಲ್ಲಿ ಎರಡು ಒಟ್ಟಿಗೆ ತಪ್ಪಾಗಿದ್ದರೆ ಮುಳ್ಳು ಸರಿಯಾದ ಕಡೆಗೇ ಹೋಗಿ ಮೋಸ ಮಾಡುತ್ತದೆ. ಆ ಹುಡುಗಿಗೆ ಮೊದಲ ಸಲ ಹಾಗೇ ಆಯಿತು. ಧ್ರುವ ತಪ್ಪಿತ್ತು, ತುದಿಗಳೂ ತಪ್ಪಿದ್ದವು, ಮುಳ್ಳು ಬಲಕ್ಕೇ ಹೋಯಿತು. ಗೊತ್ತಾಗಿದ್ದು, ಅವಳು ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಹಾಳೆಯಲ್ಲಿ ಬರೆದಾಗ.